ಟಿವಿಯಲ್ಲಿ ಒಂದು ಕೋಡ್, ಫೋನಿನಲ್ಲಿ ಇನ್ನೊಂದು: ಒಟಿಟಿ ಲಾಗಿನ್ ಮತ್ತು ಮನೆಮಂದಿಯ ಪ್ರೊಫೈಲ್

ಹೋದ ದೀಪಾವಳಿಗೆ ದಾವಣಗೆರೆಯ ಅಕ್ಕನ ಮನೆಗೆ ಹೊಸ ಟಿವಿ ಬಂತು. ಅಂಗಡಿಯ ಹುಡುಗ ಗೋಡೆಗೆ ಕೂರಿಸಿ, ವೈಫೈ ಹಾಕಿಕೊಟ್ಟು ಹೊರಟುಹೋದ. ಸಂಜೆ ಅಕ್ಕನ ಫೋನ್. "ಲೋ, ಟಿವಿಯಲ್ಲಿ ಒಂದು ಕೋಡ್ ಬಂದಿದೆ. ನಿಮ್ಮ ಭಾವನ ಫೋನಿಗೆ ಇನ್ನೊಂದು ಬಂದಿದೆಯಂತೆ. ಯಾವುದನ್ನ ಎಲ್ಲಿ ಹಾಕ್ಬೇಕೋ?"

ಸರಿಯಾದ ಪ್ರಶ್ನೆ. ಒಟಿಟಿ ಲಾಗಿನ್‌ನಲ್ಲಿ ಜನ ಎಡವುವುದು ಇದೇ ಜಾಗದಲ್ಲಿ. ಎರಡನ್ನೂ ನಾವು "ಕೋಡ್" ಅಂತಲೇ ಕರೆಯುತ್ತೇವೆ. ಆದರೆ ಒಂದು ಟಿವಿಯಿಂದ ಫೋನಿಗೆ ಹೋಗುತ್ತದೆ, ಇನ್ನೊಂದು ಫೋನಿನಿಂದ ಟಿವಿಗೆ ಬರುತ್ತದೆ. ಯಾವ ಕೋಡ್ ಯಾವ ದಿಕ್ಕಿನದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ ಪ್ರೊಫೈಲ್‌ಗಳದ್ದು. ಅಕ್ಕನ ಮನೆಯಲ್ಲಿ ಆರು ಜನ: ಅಕ್ಕ, ಭಾವ, ಭಾವನ ಅಪ್ಪ-ಅಮ್ಮ, ಹದಿನಾಲ್ಕರ ಹುಡುಗ, ಆರರ ಪುಟ್ಟಿ. ಆ ವಾರಾಂತ್ಯ ನಾನೇ ಹೋಗಿ ಕೂತು ಎಲ್ಲವನ್ನೂ ಸರಿಮಾಡಿದೆ. ಅದನ್ನೇ ಇಲ್ಲಿ ಮೊದಲಿನಿಂದ ಹೇಳುತ್ತೇನೆ.

ಟಿವಿ ತೋರಿಸುವ ಕೋಡ್

ದರ್ಶಿನಿಯ ಟೋಕನ್ ನೆನಪಿಸಿಕೊಳ್ಳಿ. ಟಿವಿಯ ಆಪ್ ಕಂಪನಿಯ ಸರ್ವರ್ ಹತ್ತಿರ ಹೋಗಿ "ನನಗೊಂದು ಟೋಕನ್ ಕೊಡಿ" ಅನ್ನುತ್ತದೆ. ಸರ್ವರ್ ಕೊಟ್ಟ ಆ ಚಿಕ್ಕ ನಂಬರನ್ನು ಪರದೆಯ ಮೇಲೆ ತೋರಿಸುತ್ತದೆ. ನೀವು ಫೋನಿನಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗಿ, "ಈ ಟೋಕನ್ನಿನ ಟಿವಿ ನಮ್ಮದೇ, ಒಳಗೆ ಬಿಡಿ" ಅಂತ ಆ ನಂಬರ್ ಹಾಕುತ್ತೀರಿ. ಟಿವಿ ಅಷ್ಟೂ ಹೊತ್ತು ಕೆಲವು ಸೆಕೆಂಡಿಗೊಮ್ಮೆ "ಆಯ್ತಾ? ಆಯ್ತಾ?" ಅಂತ ಸರ್ವರನ್ನು ಕೇಳುತ್ತಲೇ ಇರುತ್ತದೆ. ನೀವು ಒಪ್ಪಿದ ಕೂಡಲೇ ಅದು ತಾನಾಗಿ ತೆರೆದುಕೊಳ್ಳುತ್ತದೆ. ಅದಕ್ಕೇ ಫೋನಿನಲ್ಲಿ ಕೋಡ್ ಹಾಕಿದ ಮೇಲೆ ಟಿವಿಯಲ್ಲಿ ಏನನ್ನೂ ಒತ್ತಬೇಕಿಲ್ಲ. ಸುಮ್ನೆ ಕಾಯಬೇಕು. ಅವಸರಕ್ಕೆ ಬ್ಯಾಕ್ ಬಟನ್ ಒತ್ತಿದರೆ ಆ ಟೋಕನ್ ಹಾಳಾಗಿ ಹೊಸದು ಬರುತ್ತದೆ.

ಈ ವಿಧಾನಕ್ಕೆ 2019ರಲ್ಲಿ ಒಂದು ಅಂತರರಾಷ್ಟ್ರೀಯ ಮಾದರಿಯೇ ಬಂತು. ಕೀಬೋರ್ಡ್ ಇಲ್ಲದ ಸಾಧನಗಳಿಗೆ ಅಂತಲೇ ಮಾಡಿದ್ದು. ಕೋಡಿನಲ್ಲಿ ಎ, ಇ, ಐ ತರಹದ ಸ್ವರಾಕ್ಷರ ಬೇಡ ಅಂತಲೂ ಅದರಲ್ಲಿ ಒಂದು ಸಲಹೆ ಇದೆ. ಅಕ್ಷರಗಳು ಹೇಗೋ ಜೋಡಿಯಾಗಿ ಟಿವಿ ಪರದೆಯ ಮೇಲೆ ಕೆಟ್ಟ ಪದವೊಂದು ಮೂಡಬಾರದಲ್ವಾ, ಅದಕ್ಕೆ!

ಇದರಿಂದ ಎರಡು ಲಾಭ. ರಿಮೋಟಿನ ಬಾಣ ಒತ್ತಿ ಒತ್ತಿ ಪಾಸ್‌ವರ್ಡ್ ಟೈಪ್ ಮಾಡುವ ಗೋಳಿಲ್ಲ. ಹಾಲ್‌ನಲ್ಲಿ ಕೂತ ನೆಂಟರೆಲ್ಲ ನಿಮ್ಮ ಪಾಸ್‌ವರ್ಡ್ ನೋಡುವ ಪ್ರಮೇಯವೂ ಇಲ್ಲ. ಹಾಗಾಗಿ ಟಿವಿ ಆಯ್ಕೆ ಕೇಳಿದರೆ "ರಿಮೋಟ್" ಬಿಟ್ಟು "ಫೋನ್" ಆರಿಸಿ.

ಅಕ್ಕನ ಮನೆಯಲ್ಲಿ ನೆಟ್‌ಫ್ಲಿಕ್ಸ್‌ಗೆ ಮಾಡಿದ್ದು ಹೀಗೆ:

1. ಟಿವಿಯಲ್ಲಿ ಆಪ್ ತೆರೆದು, ಸೈನ್ ಇನ್ ಒತ್ತಿ, ಫೋನ್ ಬಳಸುವ ಆಯ್ಕೆ ಆರಿಸಿದೆವು. ಒಂದು ಕ್ಯೂಆರ್ ಚಿತ್ರ, ಒಂದು ವೆಬ್ ವಿಳಾಸ, ಎಂಟು ಅಂಕಿಯ ಕೋಡ್ ಬಂತು.
2. ಭಾವನ ಫೋನಿನಲ್ಲಿ ಬ್ರೌಸರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ netflix.com/tv8 ಅಂತ ಟೈಪ್ ಮಾಡಿದೆವು.
3. ಅದು ಖಾತೆಯ ಲಾಗಿನ್ ಕೇಳಿತು. ಇಮೇಲ್, ಪಾಸ್‌ವರ್ಡ್ ಎರಡನ್ನೂ ಫೋನಿನಲ್ಲೇ ಕೊಟ್ಟೆವು.
4. ಟಿವಿಯ ಎಂಟು ಅಂಕಿ ಹಾಕಿ ಮುಂದುವರಿದೆವು. ಹತ್ತು ಸೆಕೆಂಡಿನೊಳಗೆ ಟಿವಿ ತೆರೆದುಕೊಂಡಿತು.

ಪ್ರೈಮ್ ವಿಡಿಯೋಗೆ ಇದೇ ದಾರಿ, ವಿಳಾಸ ಮಾತ್ರ primevideo.com/mytv. ಅಲ್ಲಿ ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಯೂಟ್ಯೂಬ್‌ಗೆ yt.be/activate. ವಿಳಾಸ ಆಗಾಗ ಬದಲಾಗಬಹುದು. ಆದ್ದರಿಂದ ನಿಮ್ಮ ಟಿವಿ ಪರದೆಯ ಮೇಲೆ ಏನು ಬಂದಿದೆಯೋ ಅದೇ ಪ್ರಮಾಣ, ನಾನು ಇಲ್ಲಿ ಬರೆದದ್ದಲ್ಲ.

ಜನ ತುಂಬಾ ಸಲ ಕೇಳುವ ಒಂದು ಮಾತು: ಫೋನ್ ಮತ್ತು ಟಿವಿ ಒಂದೇ ವೈಫೈನಲ್ಲಿ ಇರಬೇಕಾ? ಕೋಡ್ ಟೈಪ್ ಮಾಡುವ ಈ ವಿಧಾನಕ್ಕೆ ಬೇಕಿಲ್ಲ. ಫೋನ್ ಮಾತಾಡುವುದು ಕಂಪನಿಯ ಸರ್ವರ್ ಜೊತೆ, ಟಿವಿ ಜೊತೆ ಅಲ್ಲ. ಭಾವ ಆಫೀಸಿನಲ್ಲಿ ಮೊಬೈಲ್ ಡೇಟಾದಲ್ಲಿ ಇದ್ದರೂ, ಅಕ್ಕ ಮನೆಯಿಂದ ಕೋಡ್ ಓದಿ ಹೇಳಿದರೆ ಟಿವಿ ತೆರೆಯುತ್ತದೆ. ಒಂದೇ ವೈಫೈ ಬೇಕಾಗುವುದು ಫೋನಿನ ವಿಡಿಯೋವನ್ನು ಟಿವಿಗೆ ಕಾಸ್ಟ್ ಮಾಡುವಾಗ. ಎರಡನ್ನೂ ಬೆರೆಸಿಕೊಂಡು ಜನ ಸುಮ್ಮನೆ ವೈಫೈ ಬದಲಾಯಿಸುತ್ತಾ ಕೂರುತ್ತಾರೆ.

ಕೋಡ್ ಹಿಡಿಯುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಫೋನಿನ ಕೀಬೋರ್ಡ್. ಕನ್ನಡ ಕೀಬೋರ್ಡ್ ಇದ್ದರೆ 3ರ ಬದಲು ೩ ಬಿದ್ದಿರಬಹುದು. ಕಣ್ಣಿಗೆ ಅದು ಸರಿಯಾಗೇ ಕಾಣುತ್ತದೆ, ಪುಟ ಮಾತ್ರ ಒಪ್ಪುವುದಿಲ್ಲ. ಇಂಗ್ಲಿಷಿಗೆ ಬದಲಿಸಿ ಹಾಕಿ. ಆಮೇಲೆ ಸೊನ್ನೆ ಮತ್ತು O ಅಕ್ಷರ, ಒಂದು ಮತ್ತು I ಅಕ್ಷರ ಅದಲುಬದಲಾಗಿದೆಯಾ ನೋಡಿ. ಅದೂ ಅಲ್ಲದಿದ್ದರೆ ಕೋಡ್ ಹಳತಾಗಿದೆ. ಪ್ರತಿ ಕೋಡಿಗೂ ಸ್ವಲ್ಪ ಹೊತ್ತಿನ ಆಯಸ್ಸು. ಮಧ್ಯೆ ಕಾಫಿ ಕುಡಿದು ಬಂದಿದ್ದರೆ ಟಿವಿಯಲ್ಲಿ ಹಿಂದಕ್ಕೆ ಹೋಗಿ ಹೊಸ ಕೋಡ್ ತರಿಸಿ. ಟಿವಿ ಕೋಡನ್ನೇ ತೋರಿಸದೆ ದೋಷ ಹೇಳುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ದಿನಾಂಕ, ಸಮಯ ನೋಡಿ. ಬಹಳ ದಿನ ಪ್ಲಗ್ ತೆಗೆದಿಟ್ಟ ಟಿವಿಯ ದಿನಾಂಕ ಹಿಂದೆ ಬಿದ್ದಿರುತ್ತದೆ. ಆಗ ಸರ್ವರ್‌ನ ಸುರಕ್ಷತಾ ಪ್ರಮಾಣಪತ್ರವನ್ನು ಅದು ನಂಬುವುದೇ ಇಲ್ಲ. ದಿನಾಂಕ ತಾನಾಗಿ ಬರುವ ಹಾಗೆ ಇಟ್ಟರೆ ಸರಿಹೋಗುತ್ತದೆ.

ಇನ್ನೊಂದು ಎಡವಟ್ಟು ಸದ್ದಿಲ್ಲದೆ ಆಗುತ್ತದೆ. ಟಿವಿ ಸೇರಿಕೊಳ್ಳುವುದು ಆ ಫೋನಿನಲ್ಲಿ ಆಗ ಯಾವ ಖಾತೆ ತೆರೆದಿದೆಯೋ ಅದಕ್ಕೆ. ಅಕ್ಕನ ಮನೆಯಲ್ಲಿ ಯೂಟ್ಯೂಬ್ ಕೋಡನ್ನು ಹುಡುಗ ತನ್ನ ಫೋನಿನಿಂದ ಹಾಕಿದ್ದ. ಮರುದಿನ ಹಾಲ್‌ನ ಟಿವಿ ತುಂಬಾ ಅವನ ಗೇಮಿಂಗ್ ವಿಡಿಯೋಗಳು. ಅವನ ಫೋನಿನಲ್ಲಿ ಅಜ್ಜಿಯ ಭಜನೆಗಳು. ಇಬ್ಬರಿಗೂ ಸಿಟ್ಟು. ಒಂದೇ ಫೋನಿನಲ್ಲಿ ಮನೆಯ ಜಿಮೇಲ್, ಆಫೀಸಿನ ಜಿಮೇಲ್ ಎರಡೂ ಇದ್ದರೆ ಒಪ್ಪಿಗೆ ಕೊಡುವ ಮೊದಲು ಯಾವ ಹೆಸರು ಕಾಣುತ್ತಿದೆ ಅಂತ ಓದಿ.

ಫೋನಿಗೆ ಬರುವ ಕೋಡ್

ಇದು ಎಲ್ಲರಿಗೂ ಗೊತ್ತಿರುವ ಒಟಿಪಿ. ಜಿಯೋಹಾಟ್‌ಸ್ಟಾರ್‌ನಂಥ ಆಪ್‌ಗಳಲ್ಲಿ ಖಾತೆ ಅಂದರೆ ನಿಮ್ಮ ಮೊಬೈಲ್ ನಂಬರೇ. ಟಿವಿಯಲ್ಲಿ ನಂಬರ್ ಕೊಟ್ಟರೆ ಎಸ್ಸೆಮ್ಮೆಸ್ ಬರುತ್ತದೆ, ಅದನ್ನು ರಿಮೋಟಿನಿಂದ ಹಾಕಬೇಕು. ಹೀಗಾಗಿ ದಿಕ್ಕು ತಿರುಗಿತು, ಫೋನಿನಿಂದ ಟಿವಿಗೆ. ಕ್ಯೂಆರ್ ತೋರಿಸಿದರೆ ಅದೇ ಸುಲಭ. ಆದರೆ ಫೋನಿನಲ್ಲಿ ಆಪ್ ಮೊದಲೇ ಲಾಗಿನ್ ಆಗಿರಬೇಕು.

ಇಲ್ಲಿ ತೊಂದರೆ ಕೋಡಿನದ್ದಲ್ಲ, ನಂಬರಿನದ್ದು. ಅಕ್ಕ ತನ್ನ ನಂಬರ್ ಹಾಕಿ ಲಾಗಿನ್ ಆದಳು, ಒಟಿಪಿಯೂ ಬಂತು, ಆಪ್ ತೆರೆಯಿತು. ಆದರೆ ಧಾರಾವಾಹಿ ಒತ್ತಿದರೆ "ಚಂದಾ ತೆಗೆದುಕೊಳ್ಳಿ" ಅಂತ ಬರುತ್ತಿತ್ತು. ಚಂದಾ ಇದ್ದದ್ದು ಭಾವನ ರೀಚಾರ್ಜ್ ಪ್ಯಾಕಿನಲ್ಲಿ, ಅಂದರೆ ಭಾವನ ನಂಬರಿಗೆ. ಹೊಸ ನಂಬರ್ ಹಾಕಿದರೆ ಹೊಸ ಖಾಲಿ ಖಾತೆ ಹುಟ್ಟುತ್ತದೆ, ಅಷ್ಟೆ. ಆಪ್ ಅದನ್ನು ತಪ್ಪು ಅಂತ ಹೇಳುವುದೂ ಇಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗದೆ ಎರಡನೇ ಸಲ ದುಡ್ಡು ಕಟ್ಟಿಬಿಡುತ್ತಾರೆ. ದುಡ್ಡು ಕೇಳಿದರೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ರೀಚಾರ್ಜ್ ಆದದ್ದು ಯಾವ ನಂಬರಿಗೆ?

ಸರಿಯಾದ ನಂಬರಿನಲ್ಲೂ ಟಿವಿಯಲ್ಲಿ ಓಡುತ್ತಿಲ್ಲ ಅಂದರೆ ಪ್ಲಾನ್ ನೋಡಿ. ಮೊಬೈಲಿಗೆ ಮಾತ್ರ ಅಂತ ಇರುವ ಅಗ್ಗದ ಪ್ಲಾನ್‌ಗಳಿವೆ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನ್ ಫೋನ್ ಮತ್ತು ಟ್ಯಾಬ್ಲೆಟ್‌ಗೆ ಮಾತ್ರ, ಟಿವಿಯಲ್ಲಿ ಅದು ನಡೆಯುವುದಿಲ್ಲ. ನೂರು ಸಲ ಕೋಡ್ ಹಾಕಿದರೂ ಅಷ್ಟೇ.

ಇನ್ನು, ಒಟಿಪಿ ಬರುವ ಫೋನ್ ಮನೆಯಿಂದ ಹೊರಗಿರುವ ಸಮಸ್ಯೆ. ಭಾವ ಬೆಳಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಎಂಟಕ್ಕೆ ಬರುವುದು. ಮಧ್ಯಾಹ್ನ ಟಿವಿ ಯಾಕೋ ಲಾಗ್ ಔಟ್ ಆದರೆ ಅಜ್ಜಿಯ ಧಾರಾವಾಹಿ ಹೋಯಿತು. ಆಗ ಫೋನ್ ಮಾಡಿ ಒಟಿಪಿ ಕೇಳುವುದು ಎಲ್ಲರ ಮನೆಯ ರೂಢಿ. ನನಗೆ ಅದು ಇಷ್ಟವಿಲ್ಲ. "ಒಟಿಪಿ ಹೇಳಿ" ಅಂದಾಗ ಹೇಳಿಬಿಡುವ ಅಭ್ಯಾಸ ಒಮ್ಮೆ ಬಿದ್ದರೆ, ನಾಳೆ ಬೇರೆ ಯಾರೋ ಕೇಳಿದಾಗಲೂ ಬಾಯಿ ತಡೆಯುವುದಿಲ್ಲ. ಅದಕ್ಕಿಂತ, ಹಗಲು ಮನೆಯಲ್ಲಿ ಯಾರ ಫೋನ್ ಇರುತ್ತದೋ ಅವರ ನಂಬರಿಗೆ ಚಂದಾ ಇರುವ ಹಾಗೆ ಮಾಡಿಕೊಳ್ಳಿ. ಮುಂದಿನ ರೀಚಾರ್ಜ್‌ನಲ್ಲಿ ಅಕ್ಕ ಹಾಗೇ ಮಾಡಿದಳು. ಆ ನಂಬರ್ ಮಾತ್ರ ಚಾಲ್ತಿಯಲ್ಲಿರಬೇಕು. ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದೆ ಬಿಟ್ಟ ಸಿಮ್‌ನ ನಂಬರ್ ಬೇರೆಯವರ ಪಾಲಾದರೆ ಒಟಿಪಿಯೂ ಅವರಿಗೇ ಹೋಗುತ್ತದೆ.

ಮೋಸ ನಡೆಯುವ ಎರಡು ಕಡೆ

ಒಂದು, ವಿಳಾಸದ ಬದಲು ಹುಡುಕಾಟ. ಟಿವಿಯಲ್ಲಿ ಕಂಡ ವಿಳಾಸವನ್ನು ಬ್ರೌಸರಿನ ಪಟ್ಟಿಯಲ್ಲಿ ಟೈಪ್ ಮಾಡದೆ, "ಟಿವಿ ಆಕ್ಟಿವೇಟ್ ಮಾಡುವುದು ಹೇಗೆ" ಅಂತ ಹುಡುಕಿದರೆ ನಕಲಿ ಪುಟಗಳೂ ಸಿಗುತ್ತವೆ. ಅವು ನೋಡಲು ಅಸಲಿಯಂತೆಯೇ ಇರುತ್ತವೆ. ಕೋಡ್ ಹಾಕಿದರೆ "ದೋಷವಾಗಿದೆ, ಈ ನಂಬರಿಗೆ ಕರೆ ಮಾಡಿ" ಅನ್ನುತ್ತವೆ. ಕರೆ ಮಾಡಿದರೆ ಆಕ್ಟಿವೇಷನ್ ಶುಲ್ಕ ಕೇಳುತ್ತಾರೆ, ಇಲ್ಲವೇ ಫೋನಿಗೆ ಯಾವುದೋ ಆಪ್ ಹಾಕಿಸುತ್ತಾರೆ. ಟಿವಿ ಜೋಡಿಸಲು ಶುಲ್ಕ ಅಂತ ಇಲ್ಲವೇ ಇಲ್ಲ. ದುಡ್ಡಿನ ಮಾತು ಬಂದ ಕೂಡಲೇ ಪುಟ ಮುಚ್ಚಿ.

ಇನ್ನೊಂದು ಇದರ ತಿರುವು. ಯಾರೋ ನಿಮಗೆ ಕೋಡ್ ಅಥವಾ ಕ್ಯೂಆರ್ ಕಳಿಸಿ, "ಇದನ್ನು ಹಾಕಿ, ಆಫರ್ ಸಿಗುತ್ತೆ" ಅನ್ನುತ್ತಾರೆ. ಟೋಕನ್ನಿನ ಲೆಕ್ಕ ನೆನಪಿದೆಯಲ್ಲ? ಆ ಕೋಡ್ ಅವರ ಟಿವಿಯದು. ನೀವು ಹಾಕಿದರೆ ನಿಮ್ಮ ಖಾತೆ ಅವರ ಮನೆಯಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಪಾಸ್‌ವರ್ಡ್ ಅವರಿಗೆ ಗೊತ್ತಾಗಬೇಕಾಗಿಯೇ ಇಲ್ಲ. ನಿಮ್ಮ ಕಣ್ಣೆದುರಿನ ಪರದೆಯಲ್ಲಿ, ಅಥವಾ ಮನೆಯವರು ನಿಮ್ಮದೇ ಟಿವಿ ನೋಡಿ ಓದಿ ಹೇಳಿದ ಕೋಡ್ ಬಿಟ್ಟು ಬೇರೆ ಯಾವುದನ್ನೂ ಹಾಕಬೇಡಿ.

ಆರು ಜನ, ಐದು ಪ್ರೊಫೈಲ್

ಈಗ ಪ್ರೊಫೈಲ್‌ಗೆ ಬರೋಣ. ಪ್ರೊಫೈಲ್ ಅಂದರೆ ಒಂದೇ ಖಾತೆಯೊಳಗಿನ ಬೇರೆ ಬೇರೆ ಕೋಣೆ. ಯಾರು ಎಲ್ಲಿಯವರೆಗೆ ನೋಡಿದರು, ಏನು ಇಷ್ಟ, ಯಾವ ಭಾಷೆ, ಯಾವ ವಯಸ್ಸಿನ ಮಿತಿ, ಎಲ್ಲ ಕೋಣೆಗೊಂದರಂತೆ ಬೇರೆ. ದುಡ್ಡು, ಪಾಸ್‌ವರ್ಡ್, ಪ್ಲಾನ್ ಮಾತ್ರ ಇಡೀ ಮನೆಗೆ ಒಂದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪ್ರೊಫೈಲ್ ಜಾಸ್ತಿ ಮಾಡಿದರೆ ಜಾಸ್ತಿ ಟಿವಿಗಳಲ್ಲಿ ನೋಡಬಹುದು ಅಂತ. ಇಲ್ಲ. ಒಂದೇ ಹೊತ್ತಿಗೆ ಎಷ್ಟು ಪರದೆ ಅನ್ನುವುದು ಪ್ಲಾನ್ ಮೇಲೆ. ನೆಟ್‌ಫ್ಲಿಕ್ಸ್‌ನ ಬೇಸಿಕ್‌ನಲ್ಲಿ ಒಂದು, ಸ್ಟ್ಯಾಂಡರ್ಡ್‌ನಲ್ಲಿ ಎರಡು, ಪ್ರೀಮಿಯಂನಲ್ಲಿ ನಾಲ್ಕು. ಬೇಸಿಕ್ ಪ್ಲಾನಿನಲ್ಲಿ ಐದು ಪ್ರೊಫೈಲ್ ಇದ್ದರೂ ಒಬ್ಬರು ನೋಡುವಾಗ ಇನ್ನೊಬ್ಬರು ಕಾಯಬೇಕು. ಪ್ರೈಮ್ ವಿಡಿಯೋ 2025ರ ಜನವರಿಯಿಂದ ಭಾರತದಲ್ಲಿ ಐದು ಸಾಧನ, ಅದರಲ್ಲಿ ಟಿವಿ ಎರಡು ಅಂತ ಮಿತಿ ಹಾಕಿತು. ಮೂರನೇ ಕೋಣೆಗೆ ಟಿವಿ ತಂದವರಿಗೆ ಇದು ಆಮೇಲೆ ಗೊತ್ತಾಗುತ್ತದೆ.

ನೆಟ್‌ಫ್ಲಿಕ್ಸ್ ಒಂದು ಖಾತೆಗೆ ಐದು ಪ್ರೊಫೈಲ್ ಕೊಡುತ್ತದೆ. ಪ್ರೈಮ್ ವಿಡಿಯೋ ಆರು. ಅಕ್ಕನ ಮನೆಯಲ್ಲಿ ಆರು ಜನ. ಯಾರಿಬ್ಬರನ್ನು ಒಂದು ಕೋಣೆಗೆ ಹಾಕೋದು ಅಂತ ಸಣ್ಣ ಪಂಚಾಯಿತಿಯೇ ಆಯಿತು. ಅಕ್ಕ-ಭಾವ ಒಂದರಲ್ಲಿ ಇರುತ್ತೇವೆ ಅಂದರು. ನಾನು ಬೇಡ ಅಂದೆ. ಭಾವ ನೋಡುವುದು ಕೊಲೆ, ಪೊಲೀಸು. ಅಕ್ಕ ನೋಡುವುದು ಅಡುಗೆ, ಕೊರಿಯನ್ ಧಾರಾವಾಹಿ. ಎರಡನ್ನೂ ಬೆರೆಸಿದರೆ ಇಬ್ಬರಿಗೂ ಬೇಡವಾದದ್ದೇ ಮುಂದೆ ಬರುತ್ತದೆ. ಅಜ್ಜ-ಅಜ್ಜಿ ಹೇಗೂ ಜೊತೆಗೇ ಕೂತು ನೋಡುವವರು. ಅವರಿಬ್ಬರಿಗೆ ಒಂದು ಅಂತ ತೀರ್ಮಾನವಾಯಿತು. ಜೊತೆಗೆ ಕೂತು ನೋಡುವವರು ಒಂದು ಕೋಣೆಯಲ್ಲಿ ಇರಬಹುದು, ಬೇರೆ ಬೇರೆ ಹೊತ್ತಿನಲ್ಲಿ ನೋಡುವವರು ಬೇಡ.

ಇದನ್ನೆಲ್ಲ ಟಿವಿಯಲ್ಲಿ ಮಾಡಬೇಡಿ. ಫೋನ್ ಅಥವಾ ಕಂಪ್ಯೂಟರ್ ಬ್ರೌಸರಿನಲ್ಲಿ netflix.com ತೆರೆದು Manage Profiles ಅಂತ ಇರುವ ಕಡೆ ಹೋಗಿ ಮಾಡಿ. ಟಿವಿಯಲ್ಲಿ ಸಿಗದ ಸೆಟ್ಟಿಂಗ್‌ಗಳೂ ಅಲ್ಲಿರುತ್ತವೆ. ಹೆಸರನ್ನು ಕನ್ನಡದಲ್ಲಿ ಬರೆದರೆ ಅಜ್ಜನಿಗೆ ಓದಲು ಸುಲಭ. ಪುಟ್ಟಿಗೆ ಓದು ಇನ್ನೂ ಬರುವುದಿಲ್ಲ, ಅವಳಿಗೆ ಚಿತ್ರವೇ ಗುರುತು. ಹಾಗಾಗಿ ಬೇರೆ ಯಾರ ಚಿತ್ರವೂ ಅವಳ ಚಿತ್ರವನ್ನು ಹೋಲದ ಹಾಗೆ ಆರಿಸಿದೆವು.

ವಯಸ್ಸಿನ ಮಿತಿಗೆ ನಮ್ಮಲ್ಲಿ ಐದು ಹಂತ: U, U/A 7+, U/A 13+, U/A 16+, A. 2021ರ ಐಟಿ ನಿಯಮಗಳಲ್ಲಿ ಇವು ಬಂದವು. ಆ ನಿಯಮದ ಪ್ರಕಾರ U/A 13+ ಮತ್ತು ಅದರ ಮೇಲಿನದಕ್ಕೆ ಪೋಷಕರ ಲಾಕ್ ಸೌಲಭ್ಯವನ್ನು ಆಪ್‌ಗಳು ಕೊಡಲೇಬೇಕು. ಪುಟ್ಟಿಗೆ ಮಕ್ಕಳ ಪ್ರೊಫೈಲ್, ಮಿತಿ U. ಹುಡುಗನಿಗೆ ಸಾಮಾನ್ಯ ಪ್ರೊಫೈಲ್, ಮಿತಿ U/A 13+. ಅವನನ್ನೂ ಮಕ್ಕಳ ಪ್ರೊಫೈಲ್‌ಗೆ ಹಾಕಲು ಅಕ್ಕ ಹೊರಟಿದ್ದಳು. ಹದಿನಾಲ್ಕು ವರ್ಷದವನಿಗೆ ಕಾರ್ಟೂನ್ ಬಣ್ಣದ ಪರದೆ ತೋರಿಸಿದರೆ ಅವನು ಅಲ್ಲಿ ಒಂದು ನಿಮಿಷ ಇರುವುದಿಲ್ಲ, ನೇರ ಅಪ್ಪನ ಪ್ರೊಫೈಲ್‌ಗೆ ಹೋಗುತ್ತಾನೆ. ಮಿತಿಯೊಳಗಿದ್ದರೂ ಯಾವುದೋ ಒಂದು ನಿರ್ದಿಷ್ಟ ಶೋ ಬೇಡ ಅನಿಸಿದರೆ, ಅದೇ ಪುಟದಲ್ಲಿ ಅದರ ಹೆಸರು ಹಾಕಿ ಆ ಪ್ರೊಫೈಲ್‌ಗೆ ಮಾತ್ರ ತಡೆಯಬಹುದು.

ಬೀಗ ಹಾಕಬೇಕಾದ್ದು ದೊಡ್ಡವರ ಬಾಗಿಲಿಗೆ

ಮಕ್ಕಳ ಪ್ರೊಫೈಲ್ ಮಾಡಿಬಿಟ್ಟರೆ ಆಯಿತು ಅಂತ ಹೆಚ್ಚಿನವರು ಅಲ್ಲೇ ನಿಲ್ಲುತ್ತಾರೆ. ಆದರೆ ಪುಟ್ಟಿ ತನ್ನ ಪ್ರೊಫೈಲ್‌ನಿಂದ ಹೊರಗೆ ಬಂದು ಪಕ್ಕದ ಚಿತ್ರ ಒತ್ತಿದರೆ ಭಾವನ ಕೊಲೆ, ಪೊಲೀಸು ಎಲ್ಲ ತೆರೆದೇ ಇದೆ. ಕರುವಿಗೆ ಕೊಟ್ಟಿಗೆ ಮಾಡಿಕೊಟ್ಟು, ಗದ್ದೆಯ ಬೇಲಿ ತೆರೆದಿಟ್ಟ ಹಾಗೆ. ಮಗುವಿನ ಪ್ರೊಫೈಲ್‌ಗೆ ಲಾಕ್ ಬೇಕಿಲ್ಲ. ಲಾಕ್ ಬೇಕಾದ್ದು ಅವಳು ಹೋಗಬಾರದ ಪ್ರೊಫೈಲ್‌ಗಳಿಗೆ.

ನೆಟ್‌ಫ್ಲಿಕ್ಸ್‌ನಲ್ಲಿ ಬ್ರೌಸರಿನಿಂದ ಖಾತೆಯ ಪುಟಕ್ಕೆ ಹೋಗಿ, ಪ್ರೊಫೈಲ್ ಆರಿಸಿ, Profile Lock ಒತ್ತಿದರೆ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಆಮೇಲೆ ನಾಲ್ಕು ಅಂಕಿಯ ಪಿನ್. ಅಕ್ಕ, ಭಾವ, ಅಜ್ಜ-ಅಜ್ಜಿ ಮೂರೂ ಪ್ರೊಫೈಲ್‌ಗೆ ಹಾಕಬೇಕೆಂದು ಹೊರಟೆವು. ಅಜ್ಜ ಒಪ್ಪಲಿಲ್ಲ. "ದಿನಾ ನಂಬರ್ ಒತ್ತೋಕೆ ನನ್ನ ಕೈಲಾಗಲ್ಲಪ್ಪ" ಅಂದರು. ಸರಿ, ಅವರ ಪ್ರೊಫೈಲ್‌ಗೆ ಪಿನ್ ಬದಲು ಮಿತಿಯನ್ನೇ U/A 13+ಗೆ ಇಳಿಸಿದೆವು. ಅವರು ನೋಡುವ ಪೌರಾಣಿಕ, ಹಳೆಯ ಸಿನಿಮಾಗಳಿಗೆ ಅದು ಸಾಕಾಯಿತು. ಪುಟ್ಟಿ ಅಲ್ಲಿಗೆ ಹೋದರೂ ದೊಡ್ಡ ಅಪಾಯವಿಲ್ಲ.

ಇನ್ನೂ ಒಂದು ಕಿಂಡಿ ಉಳಿದಿರುತ್ತದೆ. ಹುಡುಗ ಹೊಸ ಪ್ರೊಫೈಲ್ ಒಂದನ್ನು ಮಾಡಿಕೊಂಡು ಅದರಲ್ಲಿ ಮಿತಿಯಿಲ್ಲದೆ ನೋಡಬಹುದಲ್ವಾ? ಮುಖ್ಯ ಪ್ರೊಫೈಲ್‌ನ ಲಾಕ್ ಪುಟದಲ್ಲಿ, ಹೊಸ ಪ್ರೊಫೈಲ್ ಸೇರಿಸಲು ಇದೇ ಪಿನ್ ಬೇಕು ಅನ್ನುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿ. ಐದಕ್ಕೆ ಐದೂ ತುಂಬಿದ್ದರೆ ಹೇಗೂ ಜಾಗ ಇರುವುದಿಲ್ಲ. ಯಾವುದನ್ನಾದರೂ ತೆಗೆದ ದಿನ ಈ ಟಿಕ್ ಕೆಲಸಕ್ಕೆ ಬರುತ್ತದೆ.

ಪಿನ್ ವಿಷಯದಲ್ಲಿ ಒಂದು ಮಾತು. ಹುಟ್ಟಿದ ವರ್ಷ, ಗಾಡಿ ನಂಬರ್ ಬೇಡ. ಮಕ್ಕಳಿಗೆ ಅವೇ ಮೊದಲು ಹೊಳೆಯುವುದು. ಟಿವಿಯಲ್ಲಿ ಪಿನ್ ಹಾಕುವಾಗ ಬಾಣ ಎಷ್ಟು ಸಲ ಅತ್ತ ಹೋಯಿತು, ಇತ್ತ ಬಂತು ಅಂತ ಹುಡುಗರು ಎಣಿಸುತ್ತಾರೆ. ಭಾವನ ಮೊದಲ ಪಿನ್ ನಾಲ್ಕು ದಿನವೂ ಗುಟ್ಟಾಗಿ ಉಳಿಯಲಿಲ್ಲ. ಬೇರೆ ಯಾರೋ ನಿಮ್ಮ ಪ್ರೊಫೈಲ್‌ನಲ್ಲಿ ನೋಡುತ್ತಿದ್ದಾರೆ ಅಂತ ಅನುಮಾನ ಬಂದರೆ, ಖಾತೆಯ ಪುಟದಲ್ಲಿ Viewing activity ತೆರೆಯಿರಿ. ತಾರೀಖಿನ ಸಮೇತ ಪಟ್ಟಿ ಸಿಗುತ್ತದೆ. ಭಾವ ಆಫೀಸಿನಲ್ಲಿದ್ದ ದಿನ ಅವರ ಹೆಸರಿನಲ್ಲಿ ಮೂರು ಎಪಿಸೋಡ್ ಓಡಿದ್ದು ಹಾಗೇ ಸಿಕ್ಕಿತು. ಬೇಡದ್ದನ್ನು ಪಟ್ಟಿಯಿಂದ ಮರೆಮಾಡಲೂಬಹುದು. ಅದು ಎಲ್ಲ ಕಡೆ ಮರೆಯಾಗಲು 24 ಗಂಟೆಯವರೆಗೆ ಹಿಡಿಯಬಹುದು. ಪಿನ್ ಮರೆತುಹೋದರೆ ಗಾಬರಿ ಬೇಡ, ಖಾತೆಯ ಪಾಸ್‌ವರ್ಡ್ ಇದ್ದರೆ ಹೊಸದು ಇಡಬಹುದು. ಅಂದರೆ ಆ ಪಾಸ್‌ವರ್ಡ್ ಮಕ್ಕಳ ಫೋನಿನಲ್ಲಿ ಉಳಿದಿರಬಾರದು. ಉಳಿದಿದ್ದರೆ ಎಲ್ಲ ಪಿನ್ನೂ ದಂಡ.

ಅಜ್ಜನ ಪ್ರೊಫೈಲ್‌ಗೆ ಎರಡು ಸೆಟ್ಟಿಂಗ್

ಅಜ್ಜ ಊಟವಾದ ಮೇಲೆ ಟಿವಿ ಮುಂದೆಯೇ ನಿದ್ದೆ ಹೋಗುತ್ತಾರೆ. ಅಷ್ಟರಲ್ಲಿ ಎಪಿಸೋಡ್ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು. ಎದ್ದಾಗ ಕಥೆ ಎಲ್ಲಿಗೋ ಹೋಗಿರುತ್ತದೆ, ಎಲ್ಲಿ ಬಿಟ್ಟದ್ದು ಅಂತ ಹುಡುಕಬೇಕು. ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ, ಮುಂದಿನ ಎಪಿಸೋಡ್ ತಾನಾಗಿ ಓಡುವುದಕ್ಕೆ ಹಾಕಿದ ಟಿಕ್ ತೆಗೆದೆವು. ಅಲ್ಲೇ ಪಕ್ಕದಲ್ಲಿ, ಚಿತ್ರದ ಮೇಲೆ ನಿಂತ ಕೂಡಲೇ ಟ್ರೇಲರ್ ಕಿರುಚುವುದನ್ನು ನಿಲ್ಲಿಸುವ ಟಿಕ್ಕೂ ಇದೆ. ಅಜ್ಜಿಗೆ ಇದೇ ಹೆಚ್ಚು ಖುಷಿ ಕೊಟ್ಟದ್ದು.

ಎರಡನೆಯದು ಸಬ್‌ಟೈಟಲ್‌ನ ಗಾತ್ರ. ಅದನ್ನೂ ಪ್ರೊಫೈಲ್‌ನಲ್ಲೇ ದೊಡ್ಡದು ಮಾಡಬಹುದು. ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿದರೆ ಬಿಳಿ ದೃಶ್ಯಗಳಲ್ಲೂ ಓದಲು ಬರುತ್ತದೆ. ಇವೆಲ್ಲ ಅವರ ಪ್ರೊಫೈಲ್‌ಗೆ ಮಾತ್ರ, ಉಳಿದವರ ಪರದೆ ಹಾಗೇ ಇರುತ್ತದೆ. ಸೆಟ್ಟಿಂಗ್ ಬದಲಿಸಿದರೂ ಟಿವಿಯಲ್ಲಿ ಕಾಣದಿದ್ದರೆ, ಬೇರೆ ಪ್ರೊಫೈಲ್‌ಗೆ ಒಮ್ಮೆ ಹೋಗಿ ವಾಪಸ್ ಬನ್ನಿ. ಆಗ ಟಿವಿ ಹೊಸದನ್ನು ತೆಗೆದುಕೊಳ್ಳುತ್ತದೆ.

ಅಂದ ಹಾಗೆ, ಕನ್ನಡ ಧಾರಾವಾಹಿಗಳು ಒಂದೇ ಆಪ್‌ನಲ್ಲಿ ಇಲ್ಲ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣದವು ಜಿಯೋಹಾಟ್‌ಸ್ಟಾರ್‌ನಲ್ಲಿ. ಜೀ ಕನ್ನಡದವು ಝೀ5ನಲ್ಲಿ. ಒಂದು ಆಪ್‌ನ ಪ್ರೊಫೈಲ್ ಇನ್ನೊಂದಕ್ಕೆ ಬರುವುದಿಲ್ಲ. ಮಿತಿ, ಪಿನ್ ಎಲ್ಲವನ್ನೂ ಪ್ರತಿ ಆಪ್‌ನಲ್ಲಿ ಬೇರೆಯಾಗಿ ಮಾಡಬೇಕು. ನೆಟ್‌ಫ್ಲಿಕ್ಸ್‌ಗೆ ಭದ್ರ ಬೀಗ ಹಾಕಿ ಪಕ್ಕದ ಆಪ್ ಹಾಗೇ ಬಿಟ್ಟರೆ ಪುಟ್ಟಿಗೆ ರಿಮೋಟಿನಲ್ಲಿ ಒಂದು ಹೆಜ್ಜೆ ಅಷ್ಟೆ.

ಊರಿಗೆ ಹೋದಾಗ ಬರುವ ಮೂರನೇ ಕೋಡ್

ಸಂಕ್ರಾಂತಿಗೆ ಅಕ್ಕನ ಮನೆಯವರೆಲ್ಲ ಚನ್ನಗಿರಿಯ ಹಳ್ಳಿ ಮನೆಗೆ ಹೋದರು. ಅಲ್ಲಿಯ ಟಿವಿಯಲ್ಲಿ ಲಾಗಿನ್ ಆದರೆ, ಈ ಟಿವಿ ನಿಮ್ಮ ಮನೆಯದಲ್ಲ ಅನ್ನುವ ಅರ್ಥದ ಸಂದೇಶ. ನೆಟ್‌ಫ್ಲಿಕ್ಸ್ 2023ರ ಜುಲೈನಿಂದ ಭಾರತದಲ್ಲೂ ಒಂದು ಖಾತೆ ಒಂದು ಮನೆಯವರಿಗೆ ಮಾತ್ರ ಅನ್ನುವ ನಿಯಮ ಬಿಗಿಮಾಡಿದೆ. ಯಾವ ಇಂಟರ್ನೆಟ್ ಸಂಪರ್ಕದಿಂದ, ಯಾವ ಸಾಧನದಿಂದ ನೋಡುತ್ತೀರಿ ಅನ್ನುವುದರ ಮೇಲೆ ಅದು ಮನೆ ಯಾವುದು ಅಂತ ಲೆಕ್ಕ ಹಾಕುತ್ತದೆ. ಹೀಗಾಗಿ ಮನೆಯ ಫೈಬರ್ ಕೆಟ್ಟ ದಿನ ಮೊಬೈಲ್ ಹಾಟ್‌ಸ್ಪಾಟ್‌ನಿಂದ ಟಿವಿ ಓಡಿಸಿದರೂ ಕೆಲವೊಮ್ಮೆ ಇದೇ ಸಂದೇಶ ಬರಬಹುದು.

ಆಗ ಟಿವಿಯಲ್ಲೇ, ತಾತ್ಕಾಲಿಕವಾಗಿ ನೋಡುತ್ತೇನೆ ಅನ್ನುವ ಆಯ್ಕೆ ಆರಿಸಿ. ಖಾತೆಯಲ್ಲಿರುವ ಇಮೇಲ್ ಅಥವಾ ಮೊಬೈಲ್ ನಂಬರಿಗೆ ಕೊಂಡಿ ಬರುತ್ತದೆ. ಅದನ್ನು ತೆರೆದರೆ ಕೋಡ್. ಅದನ್ನು ಟಿವಿಯಲ್ಲಿ ಹಾಕಬೇಕು, ಅದರ ಆಯಸ್ಸು 15 ನಿಮಿಷ. ಇದು ಫೋನಿನಿಂದ ಟಿವಿಗೆ ಹೋಗುವ ಬಗೆಯದು. ಹಳ್ಳಿಯಲ್ಲಿ ನೆಟ್‌ವರ್ಕ್ ಹಿಡಿಯಲು ಮಹಡಿ ಹತ್ತಬೇಕಿದ್ದರೆ ಮೊದಲು ಒಬ್ಬರನ್ನು ಫೋನ್ ಹಿಡಿಸಿ ಮಹಡಿಗೆ ಕಳಿಸಿ, ಆಮೇಲೆ ಕೋಡ್ ತರಿಸಿ. ಅಕ್ಕನವರು ಉಲ್ಟಾ ಮಾಡಿ ಮೂರು ಸಲ ಹಾಳು ಮಾಡಿಕೊಂಡರು.

ವಾಪಸ್ ಬಂದು ಎರಡು ದಿನದ ಮೇಲೆ ಅಕ್ಕನಿಗೆ ನೆನಪಾಯಿತು, ಅಲ್ಲಿಯ ಟಿವಿಯಲ್ಲಿ ಲಾಗ್ ಔಟ್ ಮಾಡಲೇ ಇಲ್ಲ ಅಂತ. ಅದಕ್ಕಾಗಿ ಮತ್ತೆ ಚನ್ನಗಿರಿಗೆ ಹೋಗಬೇಕಿಲ್ಲ. ಫೋನಿನ ಬ್ರೌಸರಿನಲ್ಲಿ netflix.com/account ತೆರೆದು, ಸಾಧನಗಳ ಪಟ್ಟಿಗೆ ಹೋದರೆ ಯಾವ ಟಿವಿ, ಕೊನೆಗೆ ಯಾವಾಗ ಓಡಿತು, ಎಲ್ಲ ಕಾಣುತ್ತದೆ. ಆ ಒಂದನ್ನೇ ಆರಿಸಿ ಹೊರಗೆ ಹಾಕಬಹುದು. ಹೋಟೆಲಿನ ಟಿವಿಗೂ ಇದೇ ಉಪಾಯ. ಗುರುತಿಲ್ಲದ ಸಾಧನ ಕಂಡರೆ ಅದನ್ನು ತೆಗೆದು ಪಾಸ್‌ವರ್ಡ್ ಬದಲಿಸಿ. ಬದಲಿಸುವಾಗ ಎಲ್ಲ ಸಾಧನಗಳನ್ನೂ ಹೊರಹಾಕುವ ಟಿಕ್ ಹಾಕಿದ್ದರೆ, ಹಾಲ್‌ನ ಟಿವಿಯೂ ಹೊರಗೆ ಬೀಳುತ್ತದೆ. ಅಕ್ಕನ ಮನೆಯಲ್ಲಿ ಅದೇ ಆಯಿತು. ಆದರೆ ಈ ಸಲ ಅವಳು ನನಗೆ ಫೋನ್ ಮಾಡಲಿಲ್ಲ. ಟಿವಿಯ ಎಂಟು ಅಂಕಿ ನೋಡಿ ತನ್ನ ಫೋನಿನಲ್ಲೇ ಹಾಕಿಕೊಂಡಳಂತೆ.